ಹೋದದ್ದೆಷ್ಟು, ಉಳಿದದ್ದೇನು

ಬೆಳಿಗ್ಗೆ ಹತ್ತೂವರೆಗೆ ರಿಸೆಪ್ಷನ್‌ನಿಂದ ಫೋನು ಬರುತ್ತದೆ: “412 ಚೆಕ್‌ಔಟ್.” ಅಷ್ಟೇ ಮಾತು. ಅತಿಥಿ ಆಗಲೇ ಸೂಟ್‌ಕೇಸು ಎಳೆದುಕೊಂಡು ಲಿಫ್ಟಿನಲ್ಲಿ ಇಳಿಯುತ್ತಿರುತ್ತಾರೆ. ಅವರು ಕೆಳಗೆ ಕೌಂಟರಿನ ಮುಂದೆ ನಿಂತು ಬಿಲ್ಲು ಕೇಳುವ ಹೊತ್ತಿಗೆ, ಮೇಲೆ ರೂಮ್ ಬಾಯ್ ಒಬ್ಬ ಆ ಕೋಣೆಯ ಬಾಗಿಲು ತೆಗೆದು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿರಬೇಕು. ಈ ಕೋಣೆಯಿಂದ ಏನು ಹೋಗಿದೆ? ಈ ಕೋಣೆಯಲ್ಲಿ ಏನು ಉಳಿದಿದೆ? ಮೊದಲನೆಯದು ತಪ್ಪಿದರೆ ಹೋಟೆಲಿಗೆ ನಷ್ಟ, ಎರಡನೆಯದು ತಪ್ಪಿದರೆ ಅತಿಥಿಗೆ. ಇದಕ್ಕೆ ಅವನಿಗೆ ಸಿಗುವ ಸಮಯ ಐದು ನಿಮಿಷ.

ಮೈಸೂರಿನ ಒಂದು ಹೋಟೆಲಿನಲ್ಲಿ ನಾನು ಹೌಸ್‌ಕೀಪಿಂಗ್ ಮೇಲ್ವಿಚಾರಕಿಯಾಗಿದ್ದೆ. ಏನು ಕೆಲಸ ಎಂದು ಯಾರಾದರೂ ಕೇಳಿ, ನಾನು ಹೇಳಿದರೆ, “ಓ, ಕ್ಲೀನಿಂಗಾ?” ಎನ್ನುತ್ತಿದ್ದರು. ಗುಡಿಸಿ ಒರೆಸುವುದನ್ನು ಹುಡುಗರು ಹದಿನೈದು ದಿನದಲ್ಲಿ ಕಲಿತುಬಿಡುತ್ತಾರೆ. ಲೆಕ್ಕ ಕಲಿಯಲು ವರ್ಷ ಬೇಕು. ನನ್ನ ದಿನದ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಸೋಪು, ಶಾಂಪೂ, ಗೋಡಂಬಿ ಪೊಟ್ಟಣ, ಮರೆತುಹೋದ ಮೊಬೈಲ್ ಚಾರ್ಜರ್ ಇವುಗಳ ಲೆಕ್ಕದಲ್ಲಿ.

ಈ ಲೆಕ್ಕ ಶುರುವಾಗುವುದು ಪ್ಯಾಂಟ್ರಿಯಲ್ಲಿ. ಪ್ರತಿ ಮಹಡಿಯಲ್ಲೂ ಸರ್ವಿಸ್ ಲಿಫ್ಟಿನ ಪಕ್ಕ ಒಂದು ಚಿಕ್ಕ ಕೋಣೆ ಇರುತ್ತದೆ. ಅತಿಥಿಗಳು ಅದನ್ನು ನೋಡುವುದೇ ಇಲ್ಲ. ಗೋಡೆಯುದ್ದಕ್ಕೂ ಕಪಾಟು, ಒಂದರಲ್ಲಿ ಬೆಡ್‌ಶೀಟು, ಟವೆಲ್ಲು. ಇನ್ನೊಂದರಲ್ಲಿ ಸೋಪು, ಶಾಂಪೂ, ಡೆಂಟಲ್ ಕಿಟ್, ಶೇವಿಂಗ್ ಕಿಟ್, ಶವರ್ ಕ್ಯಾಪು, ಚಪ್ಪಲಿ, ಟೀ ಕಾಫಿಯ ಪುಟ್ಟ ಪೊಟ್ಟಣಗಳು. ಪ್ರತಿ ವಸ್ತುವಿಗೂ ಒಂದು ‘ಪಾರ್’ ಇರುತ್ತದೆ. ಪ್ಯಾಂಟ್ರಿಯಲ್ಲಿ ಆ ವಸ್ತು ಇಷ್ಟಿರಬೇಕು ಎಂದು ಗೊತ್ತುಮಾಡಿದ ಸಂಖ್ಯೆಯೇ ಪಾರ್. ಖರ್ಚಾದಷ್ಟನ್ನು ಸ್ಟೋರಿನಿಂದ ತಂದು ಮತ್ತೆ ಪಾರ್ ತುಂಬುತ್ತಾರೆ. ಮನೆಯಲ್ಲಿ ಅಕ್ಕಿ ಡಬ್ಬದ ಒಳಗೆ ಅಮ್ಮ ಗುರುತು ಹಾಕಿಟ್ಟಿರುತ್ತಾಳಲ್ಲ, ಅಲ್ಲಿಗಿಂತ ಕೆಳಗಿಳಿದರೆ ಅಂಗಡಿಗೆ ಹೋಗಬೇಕು ಎಂದು, ಇದೂ ಹಾಗೆಯೇ.

ಪ್ಯಾಂಟ್ರಿಯಿಂದ ಸಾಮಾನು ಟ್ರಾಲಿಗೆ ಇಳಿಯುತ್ತದೆ. ಒಬ್ಬ ರೂಮ್ ಬಾಯ್‌ಗೆ ದಿನಕ್ಕೆ ಹದಿನಾಲ್ಕೋ ಹದಿನೈದೋ ಕೋಣೆ. ಭಾರದ ಶೀಟು, ಟವೆಲ್ಲು ಕೆಳಗಿನ ತಟ್ಟೆಗಳಲ್ಲಿ; ಸಣ್ಣ ಸಾಮಾನು ಮೇಲಿನ ಗೂಡುಗಳಲ್ಲಿ. ಟ್ರಾಲಿಯನ್ನು ಕೋಣೆಯ ಬಾಗಿಲಿಗೆ ಅಡ್ಡವಾಗಿ, ಸಾಮಾನಿನ ಮುಖ ಒಳಗಡೆಗೆ ಬರುವಂತೆ ನಿಲ್ಲಿಸಬೇಕು. ಇದು ನೋಟಕ್ಕಾಗಿ ಮಾಡಿದ ನಿಯಮ ಅಲ್ಲ. ಮುಖ ಕಾರಿಡಾರಿನತ್ತ ಇದ್ದರೆ, ಹಾದುಹೋಗುವ ಮರ್ಯಾದಸ್ಥರೇ ಒಂದು ಹಿಡಿ ಶಾಂಪೂ ಬಾಟಲಿ ಎತ್ತಿ ಕೈಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಕೋಣೆಯೊಳಗೆ ಇಟ್ಟದ್ದನ್ನು ತೆಗೆದುಕೊಂಡು ಹೋದರೆ ನಮ್ಮ ತಕರಾರಿಲ್ಲ, ಅದು ಅವರಿಗೆಂದೇ ಇಟ್ಟದ್ದು. ಸೋಪು, ಬಾಚಣಿಗೆ, ಬಟ್ಟೆಯ ಚಪ್ಪಲಿ ಅತಿಥಿಯ ಪಾಲು. ಟವೆಲ್ಲು, ಹ್ಯಾಂಗರು, ನೀರು ಕಾಯಿಸುವ ಕೆಟಲ್ಲು ಹೋಟೆಲಿನ ಪಾಲು. ಇಷ್ಟು ಗೊತ್ತಿದ್ದರೆ ಸಾಕು. ಆದರೆ ಟ್ರಾಲಿಯಿಂದ ಹೋದ ಸೋಪು ಯಾವ ಕೋಣೆಯ ಲೆಕ್ಕಕ್ಕೂ ಸೇರುವುದಿಲ್ಲ. ಸಂಜೆ ಎಣಿಸಿದಾಗ ಅದು ರೂಮ್ ಬಾಯ್‌ನ ತಲೆಗೆ ಬರುತ್ತದೆ.

ಖರ್ಚು ಕಂಡುಹಿಡಿಯುವ ಲೆಕ್ಕ ಕಿರಾಣಿ ಅಂಗಡಿಯವನಿಗೂ ಗೊತ್ತಿರುವಂಥದೇ. ವಾರದ ಮೊದಲು ಇದ್ದದ್ದಕ್ಕೆ ಸ್ಟೋರಿನಿಂದ ಬಂದದ್ದನ್ನು ಕೂಡಿ, ವಾರದ ಕೊನೆಗೆ ಉಳಿದದ್ದನ್ನು ಕಳೆದರೆ ಖರ್ಚು. ಅದರ ಪಕ್ಕದಲ್ಲಿ ಬರೆಯಬೇಕಾದ ಇನ್ನೊಂದು ಸಂಖ್ಯೆಯೇ ಮುಖ್ಯ: ಎಷ್ಟು ಖರ್ಚಾಗಬೇಕಿತ್ತು? ಒಂದು ಸಲ ನಾಲ್ಕನೇ ಮಹಡಿಯಲ್ಲಿ ಏನಾಯಿತು ಎಂದು ಹೇಳುತ್ತೇನೆ.

ಆ ಮಹಡಿಯಲ್ಲಿ 20 ಕೋಣೆ. ಏಳು ದಿನಕ್ಕೆ 140 ಕೋಣೆ-ರಾತ್ರಿ. ಅದರಲ್ಲಿ 98 ಭರ್ತಿಯಾಗಿದ್ದವು. ಆ 98ರಲ್ಲಿ ಹೊಸದಾಗಿ ಬಂದವರದ್ದು 40, ಉಳಿದುಕೊಂಡವರದ್ದು 58. ಹೊಸಬರು ಬರುವ ಕೋಣೆಗೆ ಎರಡು ಶಾಂಪೂ, ಉಳಿದುಕೊಂಡವರಿಗೆ ದಿನಕ್ಕೆ ಒಂದು ಎಂಬುದು ನಮ್ಮ ಪದ್ಧತಿ. ಅಲ್ಲಿಗೆ 80 ಮತ್ತು 58 ಸೇರಿ 138 ಬಾಟಲಿ ಖರ್ಚಾಗಬೇಕು. ಪ್ಯಾಂಟ್ರಿಯಲ್ಲಿ ಮೊದಲು 70 ಇತ್ತು, ಸ್ಟೋರಿನಿಂದ 200 ಬಂತು, ಕೊನೆಗೆ ಎಣಿಸಿದಾಗ 58 ಇತ್ತು. ಅಂದರೆ ಹೋದದ್ದು 212. ಎಪ್ಪತ್ತನಾಲ್ಕು ಬಾಟಲಿ ಹೆಚ್ಚು.

ಮ್ಯಾನೇಜರರ ಮೊದಲ ಮಾತು, “ಹುಡುಗರು ಮನೆಗೆ ಒಯ್ಯುತ್ತಿದ್ದಾರೆ.” ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದೇ. ಬಡವರ ಮೇಲೆ ಅನುಮಾನ ಪಡುವುದಕ್ಕೆ ಖರ್ಚೇನೂ ಇಲ್ಲವಲ್ಲ. ನಾನು ಸೋಪಿನ ಸಾಲು ನೋಡಿದೆ. ಸೋಪಿಗೂ ಅದೇ ಪದ್ಧತಿ, ಅದೇ 138. ನಿಜವಾಗಿ ಹೋದದ್ದು 144. ಆರು ಹೆಚ್ಚು, ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಮನೆಗೆ ಒಯ್ಯುವವನು ಶಾಂಪೂ ಮಾತ್ರ ಒಯ್ದು ಸೋಪು ಬಿಡುತ್ತಾನೆಯೇ? ಅತಿಥಿಗಳು ಹೆಚ್ಚಾಗಿ ಕೇಳಿದ್ದರೆ ಎರಡೂ ಏರಬೇಕಿತ್ತು. ಶಾಂಪೂ ಒಂದೇ ಏರಿದೆ ಎಂದರೆ ಕೋಣೆಯಲ್ಲೇ ಅದಕ್ಕೆ ಬೇರೆ ಏನೋ ಕೆಲಸ ಸಿಕ್ಕಿದೆ.

ಆಮೇಲೆ ಕ್ಲೀನಿಂಗ್ ಸಾಮಾನಿನ ಪುಸ್ತಕ ತೆಗೆದೆ. ಹೋಟೆಲಿನವರು ಸ್ವಚ್ಛತೆಯ ದ್ರವಗಳನ್ನು ಆರ್-ಒನ್, ಆರ್-ಟೂ ಎಂದು ನಂಬರಿನಲ್ಲಿ ಕರೆಯುತ್ತಾರೆ. ಆರ್-ಒನ್ ಬಾತ್‌ರೂಮಿನದು, ಆರ್-ತ್ರೀ ಗಾಜಿನದು. ಆ ವಾರ ನಾಲ್ಕನೇ ಮಹಡಿಗೆ ಆರ್-ಒನ್ ಬಂದೇ ಇರಲಿಲ್ಲ. ಸ್ಟೋರಿನಲ್ಲಿ ಮುಗಿದಿತ್ತು, ಯಾರೂ ಹೇಳಿರಲಿಲ್ಲ. ಹುಡುಗರು ವಾಶ್‌ಬೇಸಿನ್ನು, ಟಬ್ಬುಗಳನ್ನು ಶಾಂಪೂ ಹಾಕಿ ತಿಕ್ಕಿದ್ದರು. ನೊರೆ ಬರುತ್ತದೆ, ಘಮಘಮ ಎನ್ನುತ್ತದೆ, ಮೇಲ್ವಿಚಾರಕಿ ಬಂದು ಮೂಸಿದರೆ ಖುಷಿಪಡುತ್ತಾಳೆ. ಬಾಟಲಿಗೆ ನಮಗೆ 8 ರೂಪಾಯಿ ಬೀಳುತ್ತಿತ್ತು. ಐನೂರ ತೊಂಬತ್ತೆರಡು ರೂಪಾಯಿಯ ಶಾಂಪೂ ಒಂದು ವಾರದಲ್ಲಿ ಮೋರಿ ಪಾಲು. ಕಳ್ಳತನ ಎಂದು ಬರೆದು ಫೈಲು ಮುಚ್ಚಿದ್ದರೆ ಸ್ಟೋರಿನ ತಪ್ಪು ಹೊರಗೇ ಬರುತ್ತಿರಲಿಲ್ಲ.

ಈ ಲೆಕ್ಕ ಕೈಕೊಡುವುದು ಮದುವೆ ಸೀಸನ್ನಿನಲ್ಲಿ. ಎರಡು ಜನರ ಕೋಣೆಯಲ್ಲಿ ಆರು ಜನ ಸ್ನಾನ ಮಾಡಿ ರೆಡಿಯಾಗುತ್ತಾರೆ. ಆಗ ಕೋಣೆ ಎಣಿಸಿ ಪ್ರಯೋಜನವಿಲ್ಲ, ತಲೆ ಎಣಿಸಬೇಕು. ತಲೆ ಎಣಿಸುವುದು ಹೇಗೆ? ಒದ್ದೆಯಾದ ಟವೆಲ್ಲು ಎಣಿಸಿದರೆ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಈಗ ಈ ಪುಟ್ಟ ಬಾಟಲಿಗಳೇ ಕಡಿಮೆಯಾಗುತ್ತಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿ, ಹೋಟೆಲುಗಳು ಪುಟ್ಟ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಶಾಂಪೂ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸಿತು. ದೊಡ್ಡ ಹೋಟೆಲ್ ಸರಪಳಿಗಳೂ ಅದೇ ಸುಮಾರಿಗೆ ಗೋಡೆಗೆ ಕೂರಿಸುವ ಡಿಸ್ಪೆನ್ಸರುಗಳತ್ತ ಹೊರಳಿದವು. ನಮ್ಮಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್ ನಿಷೇಧವಾದಾಗ ವ್ಯಾನಿಟಿ ಕಿಟ್‌ನೊಳಗಿನ ಕಡ್ಡಿ ಕಾಗದದ್ದಾಯಿತು. ಡಿಸ್ಪೆನ್ಸರ್ ಬಂದ ಮೇಲೆ ಎಣಿಕೆ ಹೋಗಿ ಅಳತೆ ಬಂತು. ಎಷ್ಟು ಮಿಲಿಲೀಟರ್ ಇಳಿದಿದೆ ಎಂದು ಯಾವ ಹುಡುಗನೂ ದಿನಾ ಬರೆಯುವುದಿಲ್ಲ. ಹೀಗಾಗಿ ಬಾತ್‌ರೂಮ್ ತೊಳೆಯಲು ಶಾಂಪೂ ಬಳಸಿದರೆ ಈಗ ಹಿಡಿಯುವುದು ಇನ್ನೂ ಕಷ್ಟ. ಕ್ಯಾನುಗಳು ಎಷ್ಟು ದಿನಕ್ಕೊಮ್ಮೆ ಖಾಲಿಯಾಗುತ್ತವೆ ಎಂದು ತಿಂಗಳ ಕೊನೆಗೆ ನೋಡಿ ಊಹಿಸಬೇಕು.

ಮಿನಿಬಾರಿನಲ್ಲಿ ಊಹೆಗೆ ಜಾಗವಿಲ್ಲ, ಏಕೆಂದರೆ ಅಲ್ಲಿ ಅತಿಥಿಯ ಜೇಬಿನಿಂದ ಹಣ ಬರಬೇಕು. ಕೋಣೆಯಲ್ಲೇ ಪಾನೀಯ ತುಂಬಿದ ಫ್ರಿಜ್ ಇಡುವುದು ಹೆಸರಾದದ್ದು 1974ರಲ್ಲಿ, ಹಾಂಗ್‌ಕಾಂಗಿನ ಹಿಲ್ಟನ್ ಹೋಟೆಲ್ ಅದನ್ನು ತನ್ನ ಕೋಣೆಗಳಲ್ಲೆಲ್ಲ ಇಟ್ಟ ಮೇಲೆ. ಅಲ್ಲಿ ವ್ಯಾಪಾರ ಜೋರಾದದ್ದನ್ನು ಕಂಡು ಉಳಿದವರೂ ಇಟ್ಟರು. ನಮ್ಮ ಕರ್ನಾಟಕದ ಬಹಳಷ್ಟು ಹೋಟೆಲುಗಳಲ್ಲಿ ಅದರೊಳಗೆ ಮದ್ಯ ಇರುವುದಿಲ್ಲ. ಮದ್ಯ ಇಡಲು ಅಬಕಾರಿ ಲೈಸೆನ್ಸ್ ಬೇಕು, ಚುನಾವಣೆಯಂಥ ಡ್ರೈ ಡೇ ಬಂದರೆ ಪ್ರತಿ ಕೋಣೆಯಿಂದಲೂ ತೆಗೆದು ಬೀಗ ಹಾಕಬೇಕು. ಅದರ ಬದಲು ಕೋಲಾ, ಜ್ಯೂಸು, ಗೋಡಂಬಿ, ಚಿಪ್ಸು, ಚಾಕೊಲೇಟು ಇಟ್ಟುಬಿಟ್ಟರೆ ತಲೆನೋವಿಲ್ಲ. ಹೊರಗೆ ನಲವತ್ತು ರೂಪಾಯಿಗೆ ಸಿಗುವುದಕ್ಕೆ ಇಲ್ಲಿ ನೂರಿಪ್ಪತ್ತು ಏಕೆ ಎಂದು ಜನ ಕೇಳುತ್ತಾರೆ. ಹೋಟೆಲು ಬರೀ ವಸ್ತು ಮಾರುವುದಿಲ್ಲ, ಸೇವೆಯೂ ಅದರಲ್ಲಿ ಸೇರಿದೆ, ಹಾಗಾಗಿ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಕಾನೂನು ಹಾಗಿದೆ. ಕೌಂಟರಿನಲ್ಲಿ ನಿಂತ ಅತಿಥಿಯ ಸಿಟ್ಟು ಅದರಿಂದ ಇಳಿಯುವುದಿಲ್ಲ, ಅದು ಬೇರೆ ಮಾತು.

ಆ ಫ್ರಿಜ್ಜಿನ ಬಗ್ಗೆ ಒಂದು ಮಾತು. ಅದು ಮನೆಯ ಫ್ರಿಜ್ಜಿನಂತೆ ಗುರ್ ಎನ್ನುವುದಿಲ್ಲ, ಯಾಕೆಂದರೆ ಅದರಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಇರುವುದಿಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ವಿಧಾನ ಅದು. ಅಮೋನಿಯಾ ದ್ರಾವಣವನ್ನು ಶಾಖದಿಂದಲೇ ಸುತ್ತಾಡಿಸಿ ತಂಪು ಮಾಡುತ್ತದೆ. ಮಲಗುವ ಕೋಣೆಯಲ್ಲಿ ಸದ್ದಿಲ್ಲದಿರುವುದು ದೊಡ್ಡ ಲಾಭ. ಆದರೆ ತಂಪಾಗಲು ಗಂಟೆಗಟ್ಟಲೆ ಬೇಕು, ಹಿಂಬದಿಯ ಬಿಸಿ ಹೊರಹೋಗಲು ಜಾಗ ಬೇಕು. ಒಳಾಂಗಣ ಮಾಡುವವರು ಅಂದಕ್ಕೆಂದು ಅದನ್ನು ನಾಲ್ಕೂ ಕಡೆ ಮುಚ್ಚಿದ ಕಪಾಟಿನಲ್ಲಿ ಕೂರಿಸುತ್ತಾರೆ. ಆಮೇಲೆ ಚಾಕೊಲೇಟು ಕರಗಿದೆ ಎಂದು ದೂರು ಬಂದರೆ ಹೌಸ್‌ಕೀಪಿಂಗಿನವರು ಬೈಸಿಕೊಳ್ಳುತ್ತಾರೆ.

412ರಲ್ಲಿದ್ದವರು ಮದುವೆಗೆಂದು ಬಂದು ಮೂರು ರಾತ್ರಿ ಉಳಿದಿದ್ದ ದಂಪತಿ. ಚೆಕ್‌ಔಟ್ ಹೊತ್ತಿಗೆ ಹೋದ ಹುಡುಗ ಮಂಡ್ಯ ಕಡೆಯವನು, ಚುರುಕಿನವನು, ಆ ಮಹಡಿಗೆ ಅಂದೇ ಹೊಸಬ. ಫ್ರಿಜ್ ತೆಗೆದ, ಬಾಗಿಲಿಗೆ ಅಂಟಿಸಿದ ಪಟ್ಟಿ ನೋಡಿದ, ಒಂದು ಗೋಡಂಬಿ ಪೊಟ್ಟಣ ಮತ್ತು ಒಂದು ಕೋಲಾ ಇಲ್ಲ ಎಂದು ಡೆಸ್ಕಿಗೆ ಫೋನು ಮಾಡಿದ. ಡೆಸ್ಕಿನವಳು ಬಿಲ್ಲಿಗೆ ಏರಿಸಿದಳು. ಗೋಡಂಬಿಗೆ 250, ಕೋಲಾಗೆ 120. ಕೆಳಗಿನಿಂದ ಎರಡು ನಿಮಿಷಕ್ಕೆ ಫೋನು ಬಂತು.

“ಮೇಡಂ, ಗೆಸ್ಟು ಜಗಳಕ್ಕೆ ನಿಂತವ್ರೆ. ಗೋಡಂಬಿ ಒಂದೇ ತಿಂದಿದ್ದು, ಬಿಲ್ಲಲ್ಲಿ ಎರಡು ಇದೆ ಅಂತಾರೆ.”

ಅತಿಥಿ ಹೇಳಿದ್ದು ಸರಿಯಾಗಿತ್ತು. ಹಿಂದಿನ ಎರಡು ದಿನದ ಹಾಳೆ ತೆಗೆದು ನೋಡಿದೆ. ಮೊದಲ ದಿನ ಬೇರೊಬ್ಬ ಹುಡುಗ ಹೋಗಿದ್ದಾನೆ. ಒಂದು ಗೋಡಂಬಿ ಖರ್ಚಾಗಿದೆ ಎಂದು ಬರೆದು ಬಿಲ್ಲಿಗೆ ಹಾಕಿಸಿದ್ದಾನೆ. ಆದರೆ ಆ ದಿನ ಪ್ಯಾಂಟ್ರಿಯಲ್ಲಿ ಗೋಡಂಬಿ ಇರಲಿಲ್ಲ, ಹೀಗಾಗಿ ಖಾಲಿ ಜಾಗ ತುಂಬಿಲ್ಲ. ನಾಳೆ ತುಂಬೋಣ ಎಂದುಕೊಂಡಿದ್ದಾನೆ. ಎರಡನೇ ದಿನ ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಎಂಬ ಬೋರ್ಡು ನೇತುಹಾಕಿತ್ತು. ಆ ಬೋರ್ಡು ಇದ್ದರೆ ನಾವು ಬಾಗಿಲು ಬಡಿಯುವುದಿಲ್ಲ, ಹಾಳೆಯಲ್ಲಿ ‘ಡಿಎನ್‌ಡಿ’ ಎಂದು ಬರೆದು ಮುಂದೆ ಹೋಗುತ್ತೇವೆ. ಮೂರನೇ ದಿನ ಈ ಹೊಸ ಹುಡುಗ ಪೂರ್ತಿ ತುಂಬಿದ ಪಟ್ಟಿಗೆ ಹೋಲಿಸಿ ಎಣಿಸಿದ್ದಾನೆ. ಮೊದಲ ದಿನದ ಅದೇ ಖಾಲಿ ಜಾಗ ಎರಡನೇ ಸಲ ಬಿಲ್ಲಾಯಿತು.

ಹತ್ತು ಜಗಳ ನಡೆದರೆ ಏಳೆಂಟರ ಬುಡದಲ್ಲಿ ಇರುವುದು ಹೀಗೆ ತುಂಬದೆ ಬಿಟ್ಟ ಜಾಗವೇ ಎಂಬುದು ನನ್ನ ಅನುಭವ. ಕೆಲವು ಸಲ ಇನ್ನೂ ಕೆಟ್ಟದ್ದಾಗುತ್ತದೆ: ಹಿಂದಿನ ಅತಿಥಿ ತಿಂದದ್ದನ್ನು ಯಾರೂ ನೋಡದೆ, ಮುಂದಿನ ಅತಿಥಿಯ ಬಿಲ್ಲಿಗೆ ಅದು ಬರುತ್ತದೆ. ಅತಿಥಿ ಪ್ರತಿಭಟಿಸಿದರೆ ರಿಸೆಪ್ಷನ್‌ನವರು ಮರುಮಾತಿಲ್ಲದೆ ಆ ಸಾಲು ತೆಗೆದುಹಾಕುತ್ತಾರೆ. ಇನ್ನೂರೈವತ್ತು ರೂಪಾಯಿಗಾಗಿ ಮೂರು ರಾತ್ರಿಯ ಅತಿಥಿಯನ್ನು ಕಳೆದುಕೊಳ್ಳುವ ಪೆದ್ದ ಯಾರೂ ಇಲ್ಲ. ಜೊತೆಗೆ ನಿಜವಾಗಿ ಕುಡಿದ ಕೋಲಾವನ್ನೂ ಕೆಲವೊಮ್ಮೆ ಬಿಟ್ಟುಕೊಡುತ್ತಾರೆ.

ಆವತ್ತಿನಿಂದ ಒಂದು ಸಣ್ಣ ಪದ್ಧತಿ ಮಾಡಿದೆವು. ತುಂಬಲಾಗದ ಜಾಗದಲ್ಲಿ ಒಂದು ಚೀಟಿ ಇಡುವುದು. ‘ಗೋಡಂಬಿ ಇಲ್ಲ’ ಎಂದು ಬರೆದು ತಾರೀಖು ಹಾಕಿ, ಅದೇ ಜಾಗದಲ್ಲಿ. ಹಾಳೆಯನ್ನು ಯಾರು ಓದುತ್ತಾರೋ ಬಿಡುತ್ತಾರೋ, ಫ್ರಿಜ್ ತೆಗೆದವನ ಕಣ್ಣಿಗೆ ಚೀಟಿ ಬೀಳಲೇಬೇಕು.

ಕಾಣೆಯಾದದ್ದೆಲ್ಲ ತಿಂದದ್ದೂ ಅಲ್ಲ. ಮಗುವಿನ ಹಾಲು, ಮಾವನವರ ಇನ್ಸುಲಿನ್, ಬೀಗರು ಕೊಟ್ಟ ಮೈಸೂರು ಪಾಕು ಇಡಲು ಜಾಗ ಬೇಕೆಂದು ನಮ್ಮ ಸಾಮಾನನ್ನು ತೆಗೆದು ಬಟ್ಟೆ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತಾರೆ. ಹಾಗಾಗಿ ‘ಇಲ್ಲ’ ಎಂದು ಹೇಳುವ ಮುಂಚೆ ಕಪಾಟು, ಮೇಜಿನ ಡ್ರಾಯರು, ಟಿವಿಯ ಹಿಂದೆ ಒಮ್ಮೆ ನೋಡಬೇಕು. ವಿದೇಶದ ಕೆಲವು ಹೋಟೆಲುಗಳಲ್ಲಿ ಸೆನ್ಸರ್ ಇರುವ ತಟ್ಟೆಗಳಿವೆ. ಬಾಟಲಿ ಎತ್ತಿ ಕೆಲವು ಸೆಕೆಂಡು ವಾಪಸ್ ಇಡದಿದ್ದರೆ ಬಿಲ್ಲಿಗೆ ಏರುತ್ತದೆ. ಅದಕ್ಕೆ ರೂಮ್ ಬಾಯ್ ಬೇಕಿಲ್ಲ ನಿಜ, ಆದರೆ ಮಗುವಿನ ಹಾಲಿಗೆ ಜಾಗ ಮಾಡಿದ ತಾಯಿಯೂ ಅದರ ಕಣ್ಣಿಗೆ ಎರಡು ಬಿಯರು ಕುಡಿದವಳೇ.

ಇನ್ನು ಮೋಸ. ಇದ್ದೇ ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ಮದ್ಯ ಇಡುವ ಹೋಟೆಲುಗಳಲ್ಲಿ ಪುಟ್ಟ ವೋಡ್ಕಾ ಬಾಟಲಿಗೆ ನೀರು, ವಿಸ್ಕಿಗೆ ಹಾಲಿಲ್ಲದ ಚಹಾ ತುಂಬಿಡುತ್ತಾರೆ. ಇದನ್ನು ಹಿಡಿಯಲು ರುಚಿ ನೋಡಬೇಕಿಲ್ಲ. ಮುಚ್ಚಳವನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು, ಸೀಲು ಒಡೆದದ್ದು ಸಲೀಸಾಗಿ ತಿರುಗುತ್ತದೆ. ಹೊರಗಿನ ಅಂಗಡಿಯಿಂದ ಅದೇ ಕೋಲಾ ತಂದಿಡುವವರೂ ಇದ್ದಾರೆ. ಅದು ನನ್ನ ಪ್ರಕಾರ ಮೋಸವೇ ಅಲ್ಲ. ಅವರು ತಂದ ಡಬ್ಬಿಯ ತಾರೀಖು ನಮ್ಮದಕ್ಕಿಂತ ಹೊಸದಾಗಿದ್ದರೆ ನಮಗೇ ಲಾಭ!

ತಾರೀಖು ಮಾತ್ರ ನಿಜವಾದ ತಲೆನೋವು. ಕೆಲವು ಕೋಣೆಗಳು ದಿನಾ ಭರ್ತಿಯಾಗುತ್ತವೆ, ಲಿಫ್ಟಿನ ಪಕ್ಕದ್ದು, ಅಡುಗೆಮನೆಯ ಮೇಲಿನದ್ದು ಯಾವಾಗಲೂ ಕೊನೆಗೆ. ಆ ನಿಧಾನದ ಕೋಣೆಗಳಲ್ಲಿ ಚಿಪ್ಸ್ ಪೊಟ್ಟಣ ಯಾರೂ ಮುಟ್ಟದೆ ವಯಸ್ಸಾಗುತ್ತದೆ. ತಿಂಗಳಿಗೊಮ್ಮೆ ಪ್ರತಿ ಪೊಟ್ಟಣ ತಿರುಗಿಸಿ ತಾರೀಖು ಓದಿ, ಇನ್ನೊಂದು ತಿಂಗಳಲ್ಲಿ ಮುಗಿಯುವುದನ್ನು ಬೇಗ ಖರ್ಚಾಗುವ ಕೋಣೆಗೆ ಬದಲಾಯಿಸಬೇಕು, ಇಲ್ಲವೇ ರೆಸ್ಟೋರೆಂಟಿಗೆ ದಾಟಿಸಬೇಕು. ಅವಧಿ ಮೀರಿದ ಒಂದೇ ಒಂದು ಪೊಟ್ಟಣ ಅತಿಥಿಯ ಕೈಗೆ ಸಿಕ್ಕು, ಅವರು ಫೋಟೋ ತೆಗೆದರೆ, ಇಡೀ ವರ್ಷದ ಮಿನಿಬಾರ್ ಲಾಭ ಅಲ್ಲಿಗೆ ಮುಗಿಯಿತು. ಎಣಿಸುವ, ತುಂಬಿಸುವ, ಓದುವ ಈ ಸಂಬಳದ ಲೆಕ್ಕ ಹಾಕಿಯೇ ಈಗ ಎಷ್ಟೋ ಹೋಟೆಲುಗಳು ಖಾಲಿ ಫ್ರಿಜ್ ಇಟ್ಟು ಸುಮ್ಮನಾಗಿವೆ. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು.

412ಕ್ಕೆ ವಾಪಸ್ ಬರೋಣ, ಅಲ್ಲಿ ಇನ್ನೂ ಕೆಲಸ ಮುಗಿದಿರಲಿಲ್ಲ. ಗೋಡಂಬಿ ಜಗಳ ತೀರಿ ಅರ್ಧ ಗಂಟೆಗೆ ಅದೇ ಹುಡುಗ ಪ್ಯಾಂಟ್ರಿಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಟಿಶ್ಯೂ ಕಾಗದದ ಉಂಡೆ.

“ಅಕ್ಕ, ಚಿನ್ನದ ಉಂಗುರ ಸಿಕ್ತು.”

“ಚಿನ್ನದ್ದು ಅಂತ ಹೆಂಗೆ ಹೇಳ್ತೀಯಾ? ನೀನೇನು ಅಕ್ಕಸಾಲಿಗನಾ?”

ಪಾಪ, ಅವನ ಮುಖ ಚಿಕ್ಕದಾಯಿತು. ಆದರೆ ಈ ಪಾಠ ಮೊದಲ ದಿನವೇ ಆಗಬೇಕು. ರಿಜಿಸ್ಟರಿನಲ್ಲಿ ಕಂಡದ್ದನ್ನು ಬರೆಯಬೇಕು, ಅಂದುಕೊಂಡದ್ದನ್ನಲ್ಲ. ‘ಚಿನ್ನದ ಉಂಗುರ, ಮಾಣಿಕ್ಯದ ಹರಳು’ ಎಂದು ನಾವು ಬರೆದೆವೆನ್ನಿ. ನಾಳೆ ಒಡೆಯರು ಬಂದು ಪರೀಕ್ಷೆ ಮಾಡಿಸಿ, ಇದು ಗಿಲೀಟು, ನಮ್ಮ ಚಿನ್ನ ಎಲ್ಲಿ ಎಂದರೆ ಉತ್ತರವಿಲ್ಲ. ಆದ್ದರಿಂದ ‘ಹಳದಿ ಲೋಹದ ಉಂಗುರ, ಕೆಂಪು ಹರಳು ಒಂದು’. ವಾಚು ಎಂಥದೇ ಇರಲಿ, ಮುಖದ ಮೇಲೆ ಏನು ಬರೆದಿದೆಯೋ ಅದು, ಪಟ್ಟಿಯ ಬಣ್ಣ, ಓಡುತ್ತಿದೆಯೋ ನಿಂತಿದೆಯೋ ಎಂಬುದು, ಅಷ್ಟೇ. ನಗದಾದರೆ ಇಬ್ಬರ ಎದುರು ಎಣಿಸಿ, ಯಾವ ನೋಟು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು.

ಅದರ ಪಕ್ಕದ ಅಂಕಣಗಳೂ ಹಾಗೆಯೇ ಬಿಗಿ. ಕ್ರಮಸಂಖ್ಯೆ, ತಾರೀಖು, ಹೊತ್ತು, ಕೋಣೆ, ಕೋಣೆಯೊಳಗೆ ನಿಖರವಾಗಿ ಎಲ್ಲಿ, ಸಿಕ್ಕಿದ್ದು ಯಾರಿಗೆ, ತೆಗೆದುಕೊಂಡವರು ಯಾರು, ಎಲ್ಲಿಟ್ಟಿದೆ. ‘ಬಾತ್‌ರೂಮು’ ಎಂದರೆ ಸಾಲದು. ‘ವಾಶ್‌ಬೇಸಿನ್ನಿನ ಎಡಗಡೆ ಸೋಪು ತಟ್ಟೆಯ ಕೆಳಗೆ’ ಎಂದಿರಬೇಕು. ಒಡೆಯರು ಫೋನು ಮಾಡಿದಾಗ ಮುಖತೊಳೆಯುವಾಗ ತೆಗೆದಿಟ್ಟೆ ಎಂದರೆ ಅದು ತಾಳೆಯಾಗುತ್ತದೆ. ಹಾಸಿಗೆಯ ಪಕ್ಕ ಇಟ್ಟಿದ್ದೆ ಎಂದರೆ ಸ್ವಲ್ಪ ಯೋಚಿಸಬೇಕು. ಉಂಗುರವನ್ನು ಕವರಿಗೆ ಹಾಕಿ ಸೀಲು ಮಾಡುವ ಮುಂಚೆ ಬೆಳಕಿಗೆ ಹಿಡಿದು ಒಳಗಡೆ ನೋಡಿದೆ. ಒಂದು ಅಕ್ಷರ ಕೊರೆದಿತ್ತು. ಅದನ್ನು ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಕವರಿನೊಳಗಿನ ಚೀಟಿಯಲ್ಲಿ ಬರೆದೆ. ರಿಜಿಸ್ಟರು ಡೆಸ್ಕಿನ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಡೆಯರಿಗೆ ಮಾತ್ರ ಗೊತ್ತಿರುವ ಒಂದು ಗುರುತನ್ನು ಹಿಡಿದಿಟ್ಟುಕೊಂಡರೆ ಆಮೇಲೆ ಕೆಲಸಕ್ಕೆ ಬರುತ್ತದೆ. ಕವರು ಸೆಕ್ಯುರಿಟಿಯವರ ತಿಜೋರಿಗೆ ಹೋಯಿತು. ಚಾರ್ಜರು, ಕನ್ನಡಕ, ಬಟ್ಟೆ, ಪುಸ್ತಕಗಳಾದರೆ ನಮ್ಮ ಕಪಾಟಿನಲ್ಲೇ.

ವಸ್ತುಗಳು ಉಳಿಯುವ ಜಾಗ ಹೆಚ್ಚು ಕಡಿಮೆ ಗೊತ್ತೇ ಇರುತ್ತದೆ: ಬಾತ್‌ರೂಮ್ ಬಾಗಿಲ ಹಿಂದಿನ ಕೊಕ್ಕೆ, ದಿಂಬಿನ ಕೆಳಗೆ, ಹಾಸಿಗೆಯ ತಲೆಗೋಡೆಯ ಸಂದು, ಪ್ಲಗ್ ಪಾಯಿಂಟು, ಕೋಣೆಯ ಪುಟ್ಟ ತಿಜೋರಿ. ಆ ತಿಜೋರಿ ಮುಚ್ಚಿದ್ದರೆ ಹುಡುಗ ಅದನ್ನು ಮುಟ್ಟುವಂತಿಲ್ಲ, ಡ್ಯೂಟಿ ಮ್ಯಾನೇಜರೂ ಸೆಕ್ಯುರಿಟಿಯವರೂ ಜೊತೆಗೆ ಬಂದು ತೆಗೆಸಬೇಕು. ಎಲ್ಲಕ್ಕಿಂತ ಅಪಾಯದ್ದು ಬಿಳಿ ಬೆಡ್‌ಶೀಟು. ಬಿಳಿ ಪಂಚೆ, ಕರವಸ್ತ್ರ, ಕಣ್ಣಿಗೆ ಕಾಣದ ಇಯರ್‌ಫೋನು ಅದರ ಮಡಿಕೆಯಲ್ಲಿ ಸೇರಿಕೊಂಡು ಲಾಂಡ್ರಿಗೆ ಹೋಗಿಬಿಟ್ಟರೆ ವಾಪಸ್ ಬರುವ ಸಂಭವ ಕಡಿಮೆ. ಶೀಟು ಉಂಡೆ ಮಾಡಿ ಎಳೆಯಬಾರದು, ಎರಡು ಮೂಲೆ ಹಿಡಿದು ಹಾಸಿಗೆಯ ಮೇಲೇ ಝಾಡಿಸಬೇಕು. ಇನ್ನು ಮೇಜಿನ ಮೇಲಿನ ಚೀಟಿ. ಡಸ್ಟ್‌ಬಿನ್ನಿನಲ್ಲಿ ಇದ್ದದ್ದು ಮಾತ್ರ ಕಸ. ಸುಕ್ಕಾದ ಕಾಗದದ ಮೇಲೆ ಯಾರದೋ ಬ್ಯಾಂಕಿನ ನಂಬರು ಇರಬಹುದು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಸಿಕ್ಕಿದ ತಕ್ಷಣ ಅತಿಥಿಗೆ ಫೋನು ಮಾಡಿ ಹೇಳಬಾರದೇ? ಕೂಡಲೇ ಕೆಳಗೆ ಓಡಿ ನೋಡುತ್ತೇವೆ, ಕೌಂಟರಿನಲ್ಲಿ ಇನ್ನೂ ನಿಂತಿದ್ದರೆ ಕೊಟ್ಟುಬಿಡುತ್ತೇವೆ. ಹೊರಟುಹೋಗಿದ್ದರೆ ಮಾತ್ರ ಎಚ್ಚರ. ಮನೆಯ ವಿಳಾಸಕ್ಕೆ ಕಾಗದ ಬರೆಯುವುದು, ಮನೆಗೆ ಫೋನು ಮಾಡಿ ‘ನಿಮ್ಮ ಕಿವಿಯೋಲೆ ಇಲ್ಲಿದೆ’ ಎನ್ನುವುದು ಈ ವೃತ್ತಿಯಲ್ಲಿ ಹಳೆಯ ಕಾಲದಿಂದಲೂ ನಿಷಿದ್ಧ. ಆ ಕೋಣೆಯಲ್ಲಿ ಯಾರು ಯಾರ ಜೊತೆ ಇದ್ದರೆಂಬುದು ನಮಗೆ ಬೇಡದ ವಿಷಯ, ಮನೆಯಲ್ಲಿ ಫೋನು ಎತ್ತುವವರು ಯಾರೋ ಗೊತ್ತಿಲ್ಲ. ಬುಕಿಂಗ್ ಮಾಡಿದವರ ಮೊಬೈಲಿಗೆ ಮಾತ್ರ ಫೋನು ಮಾಡಿ, “ಏನಾದರೂ ಮರೆತಿದ್ದೀರಾ ನೋಡಿಕೊಳ್ಳಿ” ಎಂದಷ್ಟೇ ಕೇಳುತ್ತಿದ್ದೆವು. ವಸ್ತು ಏನೆಂದು ಹೇಳಬೇಕಾದವರು ಅವರು. 412ರವರು ನೋಡಿಕೊಂಡು, “ಇಲ್ಲ, ಎಲ್ಲ ಇದೆ” ಎಂದರು. ಗೋಡಂಬಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ ಎಂದು ಕಾಣುತ್ತದೆ, ಫೋನು ಪಟ್ಟನೆ ಇಟ್ಟರು.

ಕಾನೂನಿಗೂ ಇದರಲ್ಲಿ ಮಾತಿದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವನ ಹೊಣೆ, ಒಡೆಯನೇ ಇಟ್ಟುಕೊಂಡಿರು ಎಂದು ಕೊಟ್ಟವನ ಹೊಣೆಯಷ್ಟೇ. ಒಡೆಯರನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ ತನ್ನದಾಗಿಸಿಕೊಂಡರೆ ಅದು ಅಪರಾಧ. ಹಿಂದೆ ದಂಡ ಸಂಹಿತೆಯ 403ನೇ ಸೆಕ್ಷನ್ನಿನಲ್ಲಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 314ರಲ್ಲಿದೆ. ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನು ಹೋಟೆಲುಗಳು ತಾವೇ ಗೊತ್ತುಮಾಡಿಕೊಂಡಿರುತ್ತವೆ. ನಮ್ಮಲ್ಲಿ ತಿಂಡಿಯಾದರೆ ಆ ದಿನ ಮಾತ್ರ, ಸಾಮಾನ್ಯ ವಸ್ತು ಮೂರು ತಿಂಗಳು, ಬೆಲೆಬಾಳುವುದು ಒಂದು ವರ್ಷ. ಅವಧಿ ಮುಗಿದ ಮೇಲೂ ಯಾರೂ ಬರದಿದ್ದರೆ, ಸಿಕ್ಕಿದವನಿಗೇ ಗೇಟ್ ಪಾಸ್ ಬರೆದು ಕೊಡುತ್ತಿದ್ದರು. ಒಂದು ವರ್ಷ ತಡೆದರೆ ಮರ್ಯಾದೆಯಿಂದ ಸಿಗಬಹುದು ಎಂದು ಗೊತ್ತಿದ್ದರೆ, ಇವತ್ತು ಕದ್ದು ಕಾಲುಚೀಲದಲ್ಲಿ ಅಡಗಿಸುವ ಆಸೆ ಕಡಿಮೆಯಾಗುತ್ತದೆ ಎಂಬ ಲೆಕ್ಕ.

ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಫೋನು ಮಾಡಿದರು. ಮದುವೆಗೆ ಬಂದಾಗ ಉಂಗುರ ಕಳೆದಿದೆ, ಎಲ್ಲಿ ಎಂದು ಗೊತ್ತಾಗಿರಲಿಲ್ಲ, ಮನೆಯೆಲ್ಲ ಹುಡುಕಿ ಸಾಕಾಗಿ ಈಗ ಕೇಳುತ್ತಿದ್ದೇನೆ ಎಂದರು. ಯಾವ ಕೋಣೆ ಎಂದರೆ 408 ಎಂದರು. ಡೆಸ್ಕಿನ ಹುಡುಗಿ ಕಂಪ್ಯೂಟರಿನಲ್ಲಿ 408 ಹುಡುಕಿ, “ಏನೂ ಸಿಕ್ಕಿಲ್ಲಮ್ಮ” ಎಂದು ಹೇಳಿ ಇಡುವುದರಲ್ಲಿದ್ದಳು. ನಾನು ಫೋನು ತೆಗೆದುಕೊಂಡೆ.

“ಯಾವಾಗ ಬಿಚ್ಚಿಟ್ರಿ ಅಂತ ನೆನಪಿದೆಯಾ ಅಮ್ಮ?”

“ಮುಹೂರ್ತದ ದಿನ ಬೆಳಿಗ್ಗೆ ಕಣಮ್ಮ. ನಮ್ಮ ರೂಮಿನ ಬಾತ್‌ರೂಮಲ್ಲಿ ಸೊಸೆ ಇದ್ಲು. ಎದುರು ರೂಮಲ್ಲಿ ನಮ್ಮ ತಮ್ಮನ ಮಗ ಇದ್ದ, ಅಲ್ಲಿ ಹೋಗಿ ಕೈ ತೊಳ್ಕೊಂಡೆ. ಅರಿಶಿನ ಹತ್ತಿತ್ತಲ್ಲ, ಸೋಪು ಹಾಕಿ ತಿಕ್ಕಬೇಕಾಗಿತ್ತು.”

ಕೋಣೆಯ ನಂಬರು ಬಿಟ್ಟು ತಾರೀಖಿನಿಂದ ಹುಡುಕಿದರೆ ಸಾಲು ಸಿಕ್ಕಿತು. ಹರಳಿನ ಬಣ್ಣ ಅವರೇ ಹೇಳಿದರು. ಒಳಗಡೆ ಏನಾದರೂ ಗುರುತಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತೀರಿಕೊಂಡ ಯಜಮಾನರ ಹೆಸರಿನ ಮೊದಲ ಅಕ್ಷರ ಹೇಳಿದರು. ಚೀಟಿಯಲ್ಲಿದ್ದದ್ದೂ ಅದೇ. ಚಿನ್ನ ಎಂದರೆ ಕೊರಿಯರಿನವರು ಹಿಂದೆಮುಂದೆ ನೋಡುತ್ತಾರೆ, ಆದ್ದರಿಂದ ಯಾರನ್ನಾದರೂ ಗುರುತಿನ ಚೀಟಿ ಮತ್ತು ನಿಮ್ಮ ಸಹಿಯ ಪತ್ರ ಕೊಟ್ಟು ಕಳಿಸಿ ಎಂದೆ. ಮರುದಿನ ಬಂದದ್ದು ಬೇರೆ ಯಾರೂ ಅಲ್ಲ, 412ರ ಗೋಡಂಬಿಯವರು. ಬಂದವರು ನನ್ನ ಮುಖ ನೋಡದೆ ಸಹಿ ಹಾಕಿ, ಸಿಕ್ಕಿದ ಹುಡುಗನಿಗೆ ಕೊಡಿ ಎಂದು ಐನೂರರ ನೋಟು ಇಟ್ಟು ಹೋದರು.

ನೋಟು ಕೊಡಲು ಪ್ಯಾಂಟ್ರಿಗೆ ಹೋದೆ. ಹುಡುಗ ಶಾಂಪೂ ಎಣಿಸುತ್ತಿದ್ದ. ವಿಷಯ ಕೇಳಿ ನೋಟು ಮಡಿಸಿ ಜೇಬಿಗಿಟ್ಟುಕೊಂಡು, “ಒಳ್ಳೇದಾಯ್ತು ಬಿಡಿ ಅಕ್ಕ,” ಎಂದ. ಮತ್ತೆ ಎಣಿಕೆಗೆ ಬಗ್ಗಿದವನು ತಲೆ ಎತ್ತದೆಯೇ ಹೇಳಿದ, “ಇನ್ನೆಂಟೇ ತಿಂಗಳು ಉಳಿದಿತ್ತು.”